ಕೀ ರಿಸಲ್ಟ್ ಸ್ಕೋರ್ ಹಾಕೋಕೆ ಮುಂಚೆ ಇದನ್ನ ಓದ್ಬಿಡಿ

ಎಲ್ರಿಗೂ ನಮಸ್ಕಾರ, ಕ್ವಾರ್ಟರ್ ಮುಗೀತು, ಶೀಟಲ್ಲಿ ಸ್ಕೋರ್ ತುಂಬ್ತಾ ಇದೀರಿ, ಆದ್ರೆ ಸುಮಾರು ಜನ ಲೆಕ್ಕನ ಸೊನ್ನೆಯಿಂದ ಶುರು ಮಾಡಿದೀರಿ, ಅದು ತಪ್ಪು. ಎಲ್ಲಿಂದ ಹೊರಟಿದ್ವೋ ಅಲ್ಲಿಂದ ಅಳೀಬೇಕು.

ಉದಾಹರಣೆಗೆ ರಿನ್ಯೂವಲ್ ರೇಟ್ ಶೇ. 60 ಇತ್ತು, 80ಕ್ಕೆ ತರ್ತೀವಿ ಅಂತ ಬರೆದಿದ್ವಿ, 72ಕ್ಕೆ ನಿಂತಿದೆ ಅನ್ಕೊಳ್ಳಿ. 72ನ್ನ 80ರಿಂದ ಭಾಗಿಸಿದ್ರೆ 0.9 ಬರುತ್ತೆ, ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಆ ಲೆಕ್ಕದಲ್ಲಿ ಏನೂ ಮಾಡದೆ ಕೂತಿದ್ರೂ 0.75 ಸಿಕ್ತಿತ್ತು ಅಲ್ವಾ! ಏರಬೇಕಾಗಿದ್ದು 20 ಪಾಯಿಂಟ್, ಏರಿದ್ದು 12, ಅಂದ್ರೆ ಸ್ಕೋರ್ 0.6, ಅಷ್ಟೇ. ಕಮ್ಮಿ ಆಗಬೇಕಾದ ನಂಬರ್‌ಗೂ ಇದೇ ಲೆಕ್ಕ, ಎಷ್ಟು ಇಳಿಸ್ಬೇಕಿತ್ತು, ಎಷ್ಟು ಇಳೀತು ಅಂತ ನೋಡಿ.

ಈ 0.6 ನೋಡಿ ಗಾಬರಿ ಆಗ್ಬೇಡಿ. ಶುರುನಲ್ಲೇ ಸ್ಟ್ರೆಚ್ ಅಂತ ಗುರುತು ಹಾಕಿದ್ರೆ 0.6, 0.7 ಒಳ್ಳೇ ಸ್ಕೋರೇ, ಎಲ್ಲದರಲ್ಲೂ 1.0 ಬಂದಿದ್ರೆ ಟಾರ್ಗೆಟ್ಟೇ ಸಲೀಸಾಗಿತ್ತಾ ಅಂತ ನಾನು ಅನುಮಾನ ಪಡ್ತೀನಿ. ಆದ್ರೆ ಅದೇ 80 ಕಮಿಟೆಡ್ ಗುರಿ ಆಗಿದ್ರೆ ಕಥೆ ಬೇರೆ, ಅಲ್ಲಿ 1.0 ಬರ್ಲೇಬೇಕಿತ್ತು, ಬಾಕಿ 8 ಪಾಯಿಂಟ್ ಯಾಕೆ ಬರ್ಲಿಲ್ಲ ಅಂತ ಪಕ್ಕದ ಕಾಲಮ್ಮಲ್ಲಿ ಬರೀರಿ. ಈಗ ಸ್ಕೋರ್ ನೋಡ್ಕೊಂಡು ಕಮಿಟೆಡ್ ಇದ್ದಿದ್ದನ್ನ ಸ್ಟ್ರೆಚ್ ಅಂತ ಬದಲಾಯಿಸೋದು, ಟಾರ್ಗೆಟ್ 75ಕ್ಕೆ ಇಳಿಸೋದು ಎಲ್ಲ ಬೇಡ, ಶೀಟಿನ ಹಿಸ್ಟರಿಲಿ ಕಾಣುತ್ತೆ ಮಾರಾಯ್ರೆ.

"ಹೊಸ ಪೋರ್ಟಲ್ ಲಾಂಚ್" ಥರ ಆಯ್ತು ಇಲ್ಲಾ ಆಗ್ಲಿಲ್ಲ ಅನ್ನೋ ಗುರಿಗೆ 0 ಇಲ್ಲಾ 1 ಮಾತ್ರ, ನಡುವಿನ ಹಂತಗಳನ್ನ ಮೊದ್ಲೇ ಬರೆದಿಟ್ಟಿದ್ರೆ ಮಾತ್ರ ಅರ್ಧ ಮಾರ್ಕು. ರಿವ್ಯೂ ಮೀಟಿಂಗ್‌ಗೆ ಮುಂಚೆ ಸರಿ ಮಾಡಿಡಿ.