ಮಗಳಿಗೊಂದು ಪತ್ರ: ಅಜ್ಜಿಯ ಮನೆಯಲ್ಲಿ ಹನ್ನೆರಡು ಅನುಸೂಚಿಗಳು

ಪ್ರೀತಿಯ ಮಗಳೇ,

ಸಂವಿಧಾನದ ಅನುಸೂಚಿಗಳು ಒಂದರಿಂದ ಹೇಳಿಕೊಂಡು ಹೋದರೆ ಬರುತ್ತವೆ, ‘ಒಂಬತ್ತನೆಯದು ಯಾವುದು’ ಎಂದು ನಡುವಿನಿಂದ ಕೇಳಿದರೆ ತಡವರಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದೆಯಲ್ಲ. ನೆನಪಿಡಬೇಕಾದ ಒಂದೊಂದನ್ನೂ ಮನಸ್ಸಿನೊಳಗಿನ ಒಂದು ಕಟ್ಟಡದ ಒಂದೊಂದು ಜಾಗದಲ್ಲಿ ಚಿತ್ರವಾಗಿ ಇಟ್ಟು ಬರುವ ‘ನೆನಪಿನ ಅರಮನೆ’ ತಂತ್ರವನ್ನು ತರಬೇತಿ ಕೇಂದ್ರದಲ್ಲಿ ಕಲಿಸಿದರೂ ಅದು ನಿನಗೆ ಕೈಹಿಡಿಯುತ್ತಿಲ್ಲ ಎಂದೆ. ಫೋನಿನಲ್ಲಿ ವಿವರಿಸುವಂಥದ್ದಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲ ಸಂಗತಿ, ಅರಮನೆ ಬೇಡ. ಮೈಸೂರು ಅರಮನೆಯನ್ನು ಕಲ್ಪಿಸಿಕೊಳ್ಳಲು ಹೇಳಿದರಂತೆ. ಅಲ್ಲಿಗೆ ನೀನು ಹೋಗಿದ್ದು ಶಾಲೆಯ ಪ್ರವಾಸದಲ್ಲಿ, ಜನಜಂಗುಳಿಯ ನಡುವೆ. ಯಾವ ಬಾಗಿಲಾದ ಮೇಲೆ ಯಾವ ಕೋಣೆ ಎಂಬುದೇ ಗೊತ್ತಿಲ್ಲದಿದ್ದರೆ ಅಲ್ಲಿಟ್ಟದ್ದು ಸಿಗುವುದಾದರೂ ಹೇಗೆ? ಕತ್ತಲಲ್ಲಿ ಎದ್ದರೂ ಎಡವದೆ ಓಡಾಡಬಲ್ಲ ಜಾಗ ಬೇಕು. ನಿನಗೆ ಅಂಥದ್ದು ಅಜ್ಜಿಯ ಮನೆ. ಹೊರಗಿನಿಂದ ಒಳಗೆ, ಒಳಗಿನಿಂದ ಹಿತ್ತಿಲಿಗೆ ಒಂದೇ ದಿಕ್ಕಿನಲ್ಲಿ ನಡೆ: ಗೇಟು, ತುಳಸಿಕಟ್ಟೆ, ಜಗುಲಿ, ಹೊಸ್ತಿಲು, ನಡುಮನೆಯ ಕಂಬ, ದೇವರಮನೆ, ಅಡುಗೆಮನೆ, ಬಚ್ಚಲುಮನೆ, ಬಾವಿ, ಕೊಟ್ಟಿಗೆ, ಹುಲ್ಲಿನ ಬಣವೆ, ಹುಣಸೆಮರ. ಹನ್ನೆರಡಾಯಿತು. ಪಟ್ಟಿಗೆ ಕೈಹಾಕುವ ಮೊದಲು ಈ ದಾರಿಯನ್ನು ಮುಂದಕ್ಕೂ ಹಿಂದಕ್ಕೂ ಮನಸ್ಸಿನಲ್ಲಿ ನಡೆದು ನೋಡು. ಹಿಂದಕ್ಕೆ ಬರುವಾಗ ಎಲ್ಲಾದರೂ ನಿಂತೆಯಾದರೆ ಆ ಜಾಗ ಇನ್ನೂ ಗಟ್ಟಿಯಾಗಿಲ್ಲ ಎಂದು ತಿಳಿ.

ಇನ್ನು ಒಂದೊಂದು ಜಾಗದಲ್ಲಿ ಒಂದೊಂದು ಚಿತ್ರ. ನಾಲ್ಕನೆಯ ಅನುಸೂಚಿ ರಾಜ್ಯಸಭೆಯ ಸ್ಥಾನಗಳ ಹಂಚಿಕೆ. ಹೊಸ್ತಿಲಿನ ಮೇಲೆ ಒಂದು ಕುರ್ಚಿ ಇಟ್ಟರೆ ಸಾಲದು. ಮನೆಯಲ್ಲಿ ಕುರ್ಚಿ ಇರುವುದು ಸಹಜವೇ, ಮನಸ್ಸು ಅದನ್ನು ದಾಟಿ ಹೋಗಿಬಿಡುತ್ತದೆ. ಕರ್ನಾಟಕದ ಪಾಲಿನ ಹನ್ನೆರಡು ಕುರ್ಚಿಗಳೂ ಒಂದರ ಮೇಲೊಂದು ಬಾಗಿಲಿಗೆ ಸಿಕ್ಕಿಹಾಕಿಕೊಂಡಿವೆ, ಅಜ್ಜಿ ಒಳಗಿನಿಂದ ಬೈಯುತ್ತಾ ತಳ್ಳುತ್ತಿದ್ದಾಳೆ ಎಂದುಕೋ. ಏಳನೆಯದರಲ್ಲಿ ಕೇಂದ್ರ, ರಾಜ್ಯ, ಸಮವರ್ತಿ ಎಂಬ ಮೂರು ಪಟ್ಟಿಗಳಿವೆ. ಅಡುಗೆಮನೆಯಲ್ಲಿ ಮೂರು ಒಲೆ ಉರಿಸು. ಒಂದು ದೆಹಲಿಯವರದು, ಇನ್ನೊಂದು ಬೆಂಗಳೂರಿನವರದು, ನಡುವಿನ ಒಲೆಯ ಪಾತ್ರೆಗೆ ಇಬ್ಬರೂ ಕೈಹಾಕಿ ಎಳೆದಾಡುತ್ತಿದ್ದಾರೆ, ಸಾರು ಚೆಲ್ಲುತ್ತಿದೆ. ಆರನೆಯದು ಅಸ್ಸಾಂ, ಮೇಘಾಲಯ, ತ್ರಿಪುರ, ಮಿಜೋರಾಂ ರಾಜ್ಯಗಳ ಬುಡಕಟ್ಟು ಪ್ರದೇಶಗಳ ಆಡಳಿತ. ದೇವರಮನೆಯೊಳಗೆ ನಾಲ್ಕು ಮೋಡಗಳು ನುಗ್ಗಿ ಮಳೆ ಸುರಿಸಿ ನಂದಾದೀಪವನ್ನು ಆರಿಸಿಬಿಡಲಿ. ಹತ್ತನೆಯದು ಪಕ್ಷಾಂತರ ನಿಷೇಧ, ಅದಕ್ಕೆ ಕೊಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ: ಖಾದಿ ಟೋಪಿಯ ಶಾಸಕರು ಹಗ್ಗ ಕಿತ್ತುಕೊಂಡು ಒಂದು ಗೋದಲಿಯಿಂದ ಇನ್ನೊಂದಕ್ಕೆ ಹಾರುತ್ತಿದ್ದಾರೆ. ಮಿಕ್ಕ ಚಿತ್ರಗಳನ್ನು ನೀನೇ ಕಟ್ಟಿಕೋ. ನಾನು ಕೊಟ್ಟದ್ದಕ್ಕಿಂತ ನೀನು ಹೊಸೆದದ್ದು ಹೆಚ್ಚು ದಿನ ಉಳಿಯುತ್ತದೆ, ಅದು ಎಷ್ಟು ಅಸಭ್ಯವಾಗಿದ್ದರೂ ನಾನು ಕೇಳುವುದಿಲ್ಲ.

ಈಗ ನಿನ್ನ ನಿಜವಾದ ತೊಂದರೆಗೆ ಬರೋಣ. ‘ಹೊಂದಿಸಿ ಬರೆಯಿರಿ’ ಪ್ರಶ್ನೆ ಪಟ್ಟಿಯನ್ನು ಒಪ್ಪಿಸಲು ಹೇಳುವುದಿಲ್ಲ, ಅಂಕಿಗೆ ವಿಷಯ ಕೇಳುತ್ತದೆ. ಗೇಟಿನಿಂದ ಎಣಿಸುತ್ತಾ ಬಾವಿಗೆ ಬರುವಷ್ಟರಲ್ಲಿ ಸಮಯ ಹೋಗುತ್ತದೆ, ಎಣಿಕೆಯೂ ತಪ್ಪುತ್ತದೆ. ಇದಕ್ಕೆ ಎರಡು ಸಾವಿರ ವರ್ಷಗಳ ಹಿಂದಿನ ಒಂದು ಲ್ಯಾಟಿನ್ ಅಲಂಕಾರಶಾಸ್ತ್ರದ ಕೈಪಿಡಿಯಲ್ಲೇ ಉಪಾಯವಿದೆ. ಐದನೆಯ ಜಾಗಕ್ಕೆಲ್ಲ ಗುರುತು ಮಾಡು, ಅಲ್ಲೊಂದು ಚಿನ್ನದ ಕೈ ಇಡು. ಹತ್ತನೆಯದರಲ್ಲಿ ಡೆಸಿಮಸ್ ಎಂಬ ಪರಿಚಿತನನ್ನು ನಿಲ್ಲಿಸು ಎನ್ನುತ್ತಾನೆ ಅದನ್ನು ಬರೆದವನು. ಆ ಹೆಸರಿನಲ್ಲಿಯೇ ಲ್ಯಾಟಿನ್ನಿನ ಹತ್ತು ಇದೆ. ನೀನು ನಡುಮನೆಯ ಕಂಬಕ್ಕೆ ಚಿನ್ನದ ಹಸ್ತವನ್ನು ಮೊಳೆಹೊಡೆ, ಕೊಟ್ಟಿಗೆಯ ಬಾಗಿಲಲ್ಲಿ ದಶಕಂಠ ರಾವಣನನ್ನು ಕಾವಲಿಗೆ ನಿಲ್ಲಿಸು. ಒಂಬತ್ತು ಎಂದ ಕೂಡಲೇ ರಾವಣನಿಂದ ಒಂದು ಹೆಜ್ಜೆ ಹಿಂದೆ, ಬಾವಿ. ಏಳು ಎಂದರೆ ಕಂಬದಿಂದ ಎರಡು ಹೆಜ್ಜೆ ಮುಂದೆ. ಎರಡು ಹೆಜ್ಜೆಗಿಂತ ಹೆಚ್ಚು ಎಲ್ಲಿಯೂ ಎಣಿಸಬೇಕಾಗಿಲ್ಲ.

ತಪ್ಪಿದಾಗ ಏಕೆ ತಪ್ಪಿತು ಎಂದು ನೋಡುವುದನ್ನು ರೂಢಿಮಾಡಿಕೋ. ಜಾಗ ಖಾಲಿ ಕಂಡರೆ ಚಿತ್ರ ಹಿನ್ನೆಲೆಯೊಳಗೆ ಬೆರೆತುಹೋಗಿದೆ. ರಷ್ಯಾದ ಶೆರೆಶೆವ್ಸ್ಕಿ ಎಂಬ ಪತ್ರಿಕಾ ವರದಿಗಾರನ ಅಸಾಧಾರಣ ನೆನಪನ್ನು ಲೂರಿಯಾ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಪರೀಕ್ಷಿಸಿದ. ಅವನು ಕೂಡ ಶಬ್ದಗಳನ್ನು ಬೀದಿಯುದ್ದಕ್ಕೂ ಇಡುತ್ತಿದ್ದ. ಒಮ್ಮೆ ‘ಮೊಟ್ಟೆ’ ತಪ್ಪಿಹೋಯಿತು. ಬಿಳಿಗೋಡೆಗೆ ಒರಗಿಸಿ ಇಟ್ಟಿದ್ದರಿಂದ ಹಾದುಹೋಗುವಾಗ ಕಾಣಲಿಲ್ಲ ಎಂದ. ಅದನ್ನು ಸರಿಪಡಿಸಲು ಚಿತ್ರವನ್ನು ದೊಡ್ಡದಾಗಿಸಬೇಕು ಅಥವಾ ಅದರ ಮೇಲೆ ಬೆಳಕು ಹಾಕಬೇಕು, ಅಷ್ಟೇ. ಚಿತ್ರ ಕಂಡೂ ಅದರ ಅರ್ಥ ಹೊಳೆಯದಿದ್ದರೆ ಅದು ಬೇರೆ ರೋಗ. ಮೋಡ ಕಾಣುತ್ತದೆ, ಆದರೆ ಮೋಡ ಯಾವುದಕ್ಕೆ ಎಂಬುದು ನೆನಪಿಲ್ಲ. ಆಗ ಎಷ್ಟು ಸಲ ಮನೆಯನ್ನು ಸುತ್ತಿದರೂ ಪ್ರಯೋಜನವಿಲ್ಲ, ಆ ಅನುಸೂಚಿಯನ್ನೇ ಮತ್ತೆ ಓದಬೇಕು.

ಇಲ್ಲಿಯೇ ಈ ತಂತ್ರದ ಮಿತಿಯೂ ಇದೆ. ಚರಿತ್ರೆ ಪಾಠ ಮಾಡಿದವಳ ಚಾಳಿ, ಒಂದು ಕಥೆ ಹೇಳದೆ ಬಿಡಲಾರೆ. ಇಟಲಿಯ ಜೆಸ್ಯೂಟ್ ಪಾದ್ರಿ ಮತ್ತೆಯೊ ರಿಚ್ಚಿ ಚೀನಾದ ನಾನ್‌ಚಾಂಗ್‌ನಲ್ಲಿದ್ದಾಗ, ನಾನೂರು ಐನೂರು ಚೀನೀ ಅಕ್ಷರಗಳ ಪಟ್ಟಿಯನ್ನು ಒಮ್ಮೆ ಓದಿ ಮೊದಲಿನಿಂದಲೂ ಕೊನೆಯಿಂದಲೂ ಹೇಳಿ ಅಲ್ಲಿನ ವಿದ್ವಾಂಸರನ್ನು ಬೆರಗುಗೊಳಿಸಿದ. ಆ ಪ್ರಾಂತದ ಅಧಿಪತಿಯ ಮೂವರು ಗಂಡುಮಕ್ಕಳು ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದರು. ಅವರಿಗಾಗಿ 1596ರಲ್ಲಿ ರಿಚ್ಚಿ ಈ ವಿದ್ಯೆಯನ್ನು ಚೀನೀ ಭಾಷೆಯಲ್ಲಿ ಬರೆದುಕೊಟ್ಟ. ‘ಯುದ್ಧ’ ಎಂಬರ್ಥದ ಅಕ್ಷರದಲ್ಲಿ ಈಟಿಯಂಥ ಒಂದು ಆಯುಧದ ಗುರುತೂ ‘ತಡೆ’ ಎಂಬ ಗುರುತೂ ಇವೆ. ಒಬ್ಬ ಯೋಧ ಆಯುಧ ಎತ್ತಿದ್ದಾನೆ, ಇನ್ನೊಬ್ಬ ಅವನ ಮಣಿಕಟ್ಟು ಹಿಡಿದಿದ್ದಾನೆ ಎಂದು ಚಿತ್ರಿಸಿಕೊಳ್ಳಿ ಎಂದ. ಹಿರಿಯ ಮಗ ಎಲ್ಲವನ್ನೂ ಗಮನವಿಟ್ಟು ಓದಿ ಹೇಳಿದ್ದೇನು ಗೊತ್ತೆ? ನಿಯಮಗಳೆಲ್ಲ ಸರಿ, ಆದರೆ ಇವನ್ನು ಬಳಸಲು ಮೊದಲೇ ಒಳ್ಳೆಯ ನೆನಪಿನ ಶಕ್ತಿ ಇರಬೇಕು.

ಆ ಹುಡುಗನ ಮಾತಿನಲ್ಲಿ ಹುರುಳಿದೆ. ಅಕ್ಷರಕ್ಕೊಂದು ಚಿತ್ರ ಎಂದು ಹೊರಟರೆ ಗ್ರಂಥಗಳಿಗೆ ಗ್ರಂಥಗಳನ್ನೇ ಬಾಯಿಪಾಠ ಮಾಡಬೇಕಾದವನಿಗೆ ಹೊರೆ ಇಮ್ಮಡಿಯಾಗುತ್ತದೆ. ನಿನ್ನದು ಹನ್ನೆರಡೇ ಇರುವುದರಿಂದ ಇದು ಒಗ್ಗುತ್ತದೆ. ಪ್ರತಿ ಅನುಸೂಚಿಯ ಒಳಗಿನ ವಿಷಯಗಳನ್ನೆಲ್ಲ ಹೀಗೆ ತುಂಬಲು ಹೋಗಬೇಡ. ಬಾವಿಯನ್ನೇ ನೋಡು. ಅಲ್ಲಿರುವುದು ಒಂಬತ್ತನೆಯ ಅನುಸೂಚಿ, ಕೋರ್ಟಿನ ಪರಿಶೀಲನೆಯಿಂದ ಕಾಪಾಡಲೆಂದು ಸೇರಿಸಿದ ಕಾಯ್ದೆಗಳ ಪಟ್ಟಿ. ಭೂಸುಧಾರಣೆಯ ಕಾಯ್ದೆಗಳನ್ನು ಅದರೊಳಗೆ ಎಸೆದಿದ್ದೇವೆ, ನ್ಯಾಯಾಧೀಶರ ಹಗ್ಗ ಅಲ್ಲಿಗೆ ಎಟುಕುವುದಿಲ್ಲ. 1951ರ ಮೊದಲ ತಿದ್ದುಪಡಿಯ ಉದ್ದೇಶಕ್ಕೆ ಆ ಚಿತ್ರ ಸರಿಯೇ. ಆದರೆ 1973ರ ಏಪ್ರಿಲ್ 24ರ ನಂತರ ಸೇರಿದ ಕಾಯ್ದೆಗಳನ್ನು ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಆ ದಿನಾಂಕ ಏಕೆ ಎಂಬುದು ಕೇಶವಾನಂದ ಭಾರತಿ ಪ್ರಕರಣದ ತೀರ್ಪನ್ನು ಓದಿದವರಿಗೆ ಮಾತ್ರ ತಿಳಿಯುತ್ತದೆ. ಮುಖ್ಯ ಪರೀಕ್ಷೆಯಲ್ಲಿ ಕೇಳುವುದು ಅದನ್ನೇ, ಬಾವಿ ಅಲ್ಲಿ ನೆರವಿಗೆ ಬರುವುದಿಲ್ಲ.

ಕಟ್ಟಿದ ದಿನ ರಾತ್ರಿ ಮಲಗುವ ಮುನ್ನ ಒಮ್ಮೆ ಮನೆಯನ್ನು ಸುತ್ತು, ಮಾರನೆಯ ಬೆಳಿಗ್ಗೆ ಒಮ್ಮೆ, ಆಮೇಲೆ ಎರಡು ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು. ಇನ್ನೊಂದು ಪಟ್ಟಿಗೆ, ಪಂಚವಾರ್ಷಿಕ ಯೋಜನೆಗಳೋ ವಿಜಯನಗರದ ಅರಸರೋ ಇರಲಿ, ಅಜ್ಜಿಯ ಮನೆಯನ್ನು ಮುಟ್ಟಬೇಡ. ಹಳೆಯ ಚಿತ್ರ ಮಾಸುವ ಮೊದಲು ಅದೇ ಜಾಗದಲ್ಲಿ ಹೊಸದನ್ನು ಇಟ್ಟರೆ ಕೃಷ್ಣದೇವರಾಯನೂ ರಾಜ್ಯಸಭೆಯ ಕುರ್ಚಿಗಳೂ ಒಂದೇ ಬಾಗಿಲಲ್ಲಿ ಜಗಳವಾಡುತ್ತವೆ. ನಿನ್ನ ಹಾಸ್ಟೆಲಿನಿಂದ ಗ್ರಂಥಾಲಯಕ್ಕೆ ಹೋಗುವ ದಾರಿ ಇದೆಯಲ್ಲ, ಅದನ್ನು ಬಳಸು. ಅಲ್ಲಿನ ಅಂಗಡಿಗಳೆಲ್ಲ ಒಂದೇ ಥರ ಕಾಣುವಂತಿದ್ದರೆ ಅವನ್ನು ಬಿಟ್ಟು ಬೇರೆಬೇರೆಯಾಗಿ ಕಾಣುವ ತಿರುವುಗಳನ್ನೇ ಆರಿಸು.

ಭಾನುವಾರ ಫೋನು ಮಾಡಿದಾಗ ಹನ್ನೊಂದು, ನಾಲ್ಕು, ಎಂಟು ಎಂದು ಅಡ್ಡಾದಿಡ್ಡಿಯಾಗಿ ಕೇಳುತ್ತೇನೆ. ಗೇಟಿನಿಂದ ಎಣಿಸಿದರೆ ನನಗೆ ಗೊತ್ತಾಗುತ್ತದೆ, ಎಣಿಸುವಾಗ ನೀನು ಉಸಿರು ಹಿಡಿಯುತ್ತೀಯ.

ಇಂತಿ ನಿನ್ನ
ಅಮ್ಮ