ನಡುರಾತ್ರಿಯ ಮೀಟರ್ ಏನು ಹೇಳುತ್ತದೆ?

ಮಾನ್ಯರೇ,

ಬೆಂಗಳೂರಿನಲ್ಲಿ ನೀರಿನ ಸೋರಿಕೆ ತಡೆಯಲು ಕೊಳವೆ ಜಾಲವನ್ನು ಡಿಎಂಎ ಎಂಬ ಸಣ್ಣ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದ ಪ್ರವೇಶದಲ್ಲಿ ಮೀಟರ್ ಅಳವಡಿಸುವ ಕ್ರಮ ಸರಿಯಾದದ್ದೇ. ಆದರೆ ಆ ಮೀಟರನ್ನು ಓದುವ ಬಗೆಯ ಕುರಿತು ಒಂದು ಮಾತು.

ಊರು ಮಲಗಿರುವ 2ರಿಂದ 4 ಗಂಟೆಯ ನಡುವೆ ಬಳಕೆ ತೀರಾ ಕಡಿಮೆಯಿರುವುದರಿಂದ ಆಗ ಹರಿಯುವ ನೀರಿನ ಬಹುಪಾಲು ಸೋರಿಕೆಯೇ ಎಂಬುದು ಈ ಪದ್ಧತಿಯ ತರ್ಕ. ಸಾವಿರ ಮನೆಗಳ ವಲಯದಲ್ಲಿ ಆಗಿನ ಹರಿವು ಗಂಟೆಗೆ 12 ಸಾವಿರ ಲೀಟರ್, ನಿಜವಾದ ಬಳಕೆ 2 ಸಾವಿರ ಎಂದಿಟ್ಟುಕೊಂಡರೆ ಉಳಿದ 10 ಸಾವಿರ ಸೋರಿಕೆ. ಹಗಲಲ್ಲಿ ಒತ್ತಡ ಇಳಿದು ಸೋರಿಕೆಯೂ ತಗ್ಗುವುದರಿಂದ ಇದನ್ನು 24ರಿಂದ ಗುಣಿಸುವುದು ತಪ್ಪು. ಸುಮಾರು 20ರಿಂದ ಗುಣಿಸಿದರೂ ದಿನಕ್ಕೆ 2 ಲಕ್ಷ ಲೀಟರ್ ಆಗುತ್ತದೆ. ಆಮೇಲೆ ಒಂದೊಂದೇ ಬೀದಿಯ ವಾಲ್ವ್ ಮುಚ್ಚುತ್ತ ಹೋದರೆ, ಎಲ್ಲಿ ಹರಿವು ಥಟ್ಟನೆ ಕುಸಿಯುತ್ತದೋ ಅಲ್ಲಿ ಸೋರಿಕೆ ಹುಡುಕಬೇಕು.

ತೊಡಕಿರುವುದು ನಮ್ಮ ಸಂಪುಗಳಲ್ಲಿ. ದಿನ ಬಿಟ್ಟು ದಿನ ನೀರು ಬಿಡುವಲ್ಲಿ ಸಂಪುಗಳು ತುಂಬುವುದು ರಾತ್ರಿಯೇ ಆದರೆ ಮೀಟರ್ ತೋರಿಸುವುದು ಸೋರಿಕೆಯನ್ನಲ್ಲ, ಜನರ ಸಂಗ್ರಹವನ್ನು. ಆದ್ದರಿಂದ ಅಳತೆಗೆ ಮುಂಚೆ ಆ ವಲಯಕ್ಕೆ ಸಂಪುಗಳೆಲ್ಲ ತುಂಬುವವರೆಗೆ ಬಿಡುವಿಲ್ಲದೆ ನೀರು ಹರಿಸಬೇಕು. ಪ್ರವೇಶದ ವಾಲ್ವ್ ಮುಚ್ಚಿದ ಮೇಲೂ ಒಳಗಿನ ಒತ್ತಡ ಶೂನ್ಯಕ್ಕೆ ಇಳಿಯದಿದ್ದರೆ ಗಡಿಯ ಯಾವುದೋ ಹಳೆಯ ವಾಲ್ವ್ ಪಕ್ಕದ ವಲಯದ ನೀರನ್ನು ಒಳಬಿಡುತ್ತಿದೆ ಎಂದರ್ಥ. ಅದನ್ನು ಸರಿಪಡಿಸುವವರೆಗೆ ಆ ವಲಯದ ಅಂಕಿಗಳನ್ನು ಪ್ರಕಟಿಸಬಾರದೆಂದು ಕೋರುತ್ತೇನೆ.

– ಓರ್ವ ನಿವೃತ್ತ ಎಂಜಿನಿಯರ್, ಬೆಂಗಳೂರು