ಸಾಲ ತೀರಿದ ಮೇಲೂ ಮರಳದ ಕ್ರಯಪತ್ರ

ಸಂಪಾದಕರೇ,

ದಾವಣಗೆರೆಯ ನನ್ನ ಮನೆಯ ಮೇಲಿದ್ದ ಗೃಹಸಾಲದ ಕೊನೆಯ ಬಾಕಿಯನ್ನು 2025ರ ಮಾರ್ಚ್ 10ರಂದು ಕಟ್ಟಿದೆ. ಬೇಬಾಕಿ ಪತ್ರ ಅಂದೇ ಕೈಗೆ ಬಂತು. ದಾಖಲೆಗಳು ಬೇರೆ ಊರಿನ ದಾಸ್ತಾನು ಕೇಂದ್ರದಲ್ಲಿವೆ, ತರಿಸಿ ಕರೆ ಮಾಡುತ್ತೇವೆ ಎಂದರು ಬ್ಯಾಂಕಿನವರು. ಕರೆ ಬಂದಾಗ ಏಪ್ರಿಲ್ ಮೊದಲ ವಾರ ಕಳೆದಿತ್ತು.

ಶಾಖೆಗೆ ಹೋದಾಗ ಮೇಜಿನ ಮೇಲೆ ಒಂದು ಕಂದು ಲಕೋಟೆ, ಅದರ ಪಕ್ಕದಲ್ಲಿ ‘ಎಲ್ಲ ಮೂಲ ದಾಖಲೆಗಳನ್ನು ಪಡೆದಿದ್ದೇನೆ’ ಎಂದು ಮೊದಲೇ ಮುದ್ರಿಸಿದ ಸ್ವೀಕೃತಿ. ಸಹಿ ಮಾಡುವ ಮುನ್ನ ಲಕೋಟೆ ಬಿಚ್ಚಿದೆ. ಹಿಂದಿನ ಮಾಲೀಕರ ಮೂಲಪತ್ರವಿತ್ತು, ಖಾತೆಯ ನಕಲಿತ್ತು, ಕಂದಾಯ ರಸೀದಿಗಳಿದ್ದವು. ನನ್ನ ಹೆಸರಿನ ಕ್ರಯಪತ್ರದ ಜಾಗದಲ್ಲಿ ಮಾತ್ರ ಜೆರಾಕ್ಸ್ ಇತ್ತು. ಸಾಲ ಪಡೆಯುವಾಗ ಬರೆದುಕೊಟ್ಟ ಅಡಮಾನದ ಒಡಂಬಡಿಕೆಯಲ್ಲಿ ಒಪ್ಪಿಸಿದ ದಾಖಲೆಗಳ ಪಟ್ಟಿ ಇರುತ್ತದೆ. ನನ್ನ ಬಳಿಯಿದ್ದ ಆ ಪ್ರತಿಯ ಮೊದಲ ಸಾಲಿನಲ್ಲೇ ‘ಕ್ರಯಪತ್ರ, ಮೂಲ’ ಎಂದಿತ್ತು. ಆ ಒಂದು ಹಾಳೆ ಇಲ್ಲದಿದ್ದರೆ ನನ್ನ ಮಾತಿಗೆ ಬೆಲೆಯೇ ಇರುತ್ತಿರಲಿಲ್ಲ.

ಬಳಿಕ ಬಂದ ಸಲಹೆಯನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ‘ಪತ್ರ ಕಳೆದುಹೋಗಿದೆ ಎಂದು ನೀವೇ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ ಸರ್, ಬೇಗ ಮುಗಿಯುತ್ತದೆ’ ಎಂದರು ಅಧಿಕಾರಿ. ನಾನು ಒಪ್ಪಲಿಲ್ಲ. ಪತ್ರ ಕಳೆದದ್ದು ಬ್ಯಾಂಕಿನ ವಶದಲ್ಲಿ. ನಾನು ಕಳೆದೆನೆಂದು ಬರೆದುಕೊಟ್ಟರೆ ಅದು ಸುಳ್ಳು ದೂರಾಗುತ್ತದೆ, ಬ್ಯಾಂಕಿನ ಹೊಣೆಯೂ ನನ್ನ ಹೆಗಲೇರುತ್ತದೆ. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಮೊದಲು ಕೇಳುವುದೇ ಮೂಲ ಕ್ರಯಪತ್ರವನ್ನು. ಅದಿಲ್ಲದಿದ್ದರೆ ಇನ್ನೆಲ್ಲೋ ಒತ್ತೆಯಿಟ್ಟಿರಬಹುದೆಂಬ ಅನುಮಾನ ಹುಟ್ಟುತ್ತದೆ. ಆ ಅನುಮಾನವನ್ನು ನೀಗಿಸುವುದು ‘ನಮ್ಮ ವಶದಲ್ಲಿದ್ದಾಗ ಕಳೆದಿದೆ’ ಎಂದು ಬ್ಯಾಂಕೇ ಬರೆದುಕೊಡುವ ಪತ್ರ.

ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಮರಳಿಸಬೇಕು, ನೋಂದಣಿಯಾದ ಋಣಭಾರವನ್ನೂ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ದಾಖಲೆ ಕಳೆದಿದ್ದರೆ ನಕಲು ಪಡೆಯಲು ಬ್ಯಾಂಕ್ ನೆರವಾಗಬೇಕು, ಖರ್ಚನ್ನೂ ಭರಿಸಬೇಕು. ಅದಕ್ಕಾಗಿ ಇನ್ನೂ 30 ದಿನಗಳ ಅವಕಾಶವಿದೆ, ಪರಿಹಾರದ ಲೆಕ್ಕ ಒಟ್ಟು 60 ದಿನ ಕಳೆದ ಮೇಲೆ ಶುರು. ಇದು ಗೃಹಸಾಲ, ಶಿಕ್ಷಣ ಸಾಲದಂಥ ವೈಯಕ್ತಿಕ ಸಾಲಗಳಿಗೆ ಸೀಮಿತ. ಅಂಗಡಿ, ಗಿರಣಿಗಳ ವ್ಯಾಪಾರ ಸಾಲ ಇದರಡಿ ಬರುವುದಿಲ್ಲ. ಸಹಕಾರಿ ಬ್ಯಾಂಕುಗಳೂ ಗೃಹಸಾಲ ಕಂಪನಿಗಳೂ ಇದಕ್ಕೆ ಬದ್ಧ.

ಸ್ವೀಕೃತಿಯಲ್ಲಿ ಕೈಗೆ ಬಂದ ದಾಖಲೆಗಳನ್ನಷ್ಟೇ ಒಂದೊಂದಾಗಿ ಬರೆದು, ‘ಮೂಲ ಕ್ರಯಪತ್ರ ಬಂದಿಲ್ಲ’ ಎಂದು ಸೇರಿಸಿ ಸಹಿ ಹಾಕಿದೆ. ಅದೇ ದಿನ ಲಿಖಿತ ದೂರು ಕೊಟ್ಟು, ನನ್ನ ಪ್ರತಿಯ ಮೇಲೆ ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಂಡೆ. ಕೊನೆಗೆ ಬ್ಯಾಂಕೇ ಠಾಣೆಗೆ ದೂರು ಕೊಟ್ಟಿತು, ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿತು, ಉಪ ನೋಂದಣಾಧಿಕಾರಿ ಕಚೇರಿಯಿಂದ ಕ್ರಯಪತ್ರದ ದೃಢೀಕೃತ ನಕಲು ತೆಗೆಸಿತು. ಇವುಗಳ ಜೊತೆಗೆ ಕಳೆದುಹೋದ ಬಗ್ಗೆ ಪತ್ರವನ್ನೂ, ಮುಂದೆ ನಷ್ಟವಾದರೆ ತುಂಬಿಕೊಡುವುದಾಗಿ ಮುಚ್ಚಳಿಕೆಯನ್ನೂ ಬರೆಸಿಕೊಂಡೆ. ಎಲ್ಲವೂ ಕೈಗೆ ಬಂದದ್ದು ಮೇ 29ರಂದು. 60 ದಿನಗಳ ಗಡುವು ಮೇ 9ಕ್ಕೆ ಮುಗಿದಿತ್ತು. ಇಪ್ಪತ್ತು ದಿನಕ್ಕೆ ಒಂದು ಲಕ್ಷ ರೂಪಾಯಿ.

ಪರಿಹಾರವೆಂದೊಡನೆ ಶಾಖೆಯಲ್ಲಿ ಮೌನ. ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಉಚಿತವಾಗಿ ದೂರು ಸಲ್ಲಿಸಬಹುದು. ನಾನು ಸಲ್ಲಿಸಿದೆ. ಮೊಹರು ಬಿದ್ದ ಆ ಪ್ರತಿಯೇ ಅಲ್ಲಿ ಆಧಾರವಾಯಿತು, ಹಣ ಖಾತೆಗೆ ಜಮಾ ಆಯಿತು.

ಇನ್ನೊಂದು ಕೆಲಸವನ್ನು ಹಲವರು ಮರೆಯುತ್ತಾರೆ. ದಾಖಲೆ ಕೈಗೆ ಬಂದರೂ, ಅಡಮಾನ ನೋಂದಣಿಯಾಗಿದ್ದರೆ ಅದರ ಖುಲಾಸೆಯೂ ನೋಂದಣಿಯಾಗುವ ತನಕ ಋಣಭಾರ ಪ್ರಮಾಣಪತ್ರದಲ್ಲಿ ಸಾಲ ತೀರದಂತೆಯೇ ಕಾಣುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಈ ಪ್ರಮಾಣಪತ್ರವನ್ನು ಹೊಸದಾಗಿ ತೆಗೆದು ಖುಲಾಸೆಯ ನಮೂದು ಇದೆಯೇ ಎಂದು ನೋಡಿಕೊಳ್ಳಬೇಕು.

ನಮ್ಮ ಜಿಲ್ಲೆಯ ಬ್ಯಾಂಕ್ ಶಾಖೆಗಳಲ್ಲಿ ಮೇಲಿನ ಸುತ್ತೋಲೆಯ ಸಾರವನ್ನು ಕನ್ನಡದಲ್ಲಿ ಫಲಕದ ಮೇಲೆ ಹಾಕಿಸುವಂತೆ ಜಿಲ್ಲಾ ಅಗ್ರಣಿ ಬ್ಯಾಂಕಿನ ವ್ಯವಸ್ಥಾಪಕರನ್ನು ಕೋರುತ್ತೇನೆ.

– ನಿವೃತ್ತ ಶಿಕ್ಷಕ, ದಾವಣಗೆರೆ